ಒಂದೇ ಮ್ಯಾರೋ, ಎರಡು ರಿಪೋರ್ಟ್: ಸ್ಲೈಡಿನಲ್ಲಿ ಬ್ಲಾಸ್ಟ್ 43%, ಫ್ಲೋದಲ್ಲಿ 9%. ಯಾವುದನ್ನು ನಂಬಬೇಕು?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 59 ವರ್ಷ. ಸ್ವಲ್ಪ ಕಾಲದಿಂದ ತುಂಬಾ ಸುಸ್ತು ಅನ್ನುತ್ತಿದ್ದರು, ಜೊತೆಗೆ ವಸಡು ಊದಿಕೊಂಡು ಹಲ್ಲುಜ್ಜುವಾಗೆಲ್ಲ ರಕ್ತ ಬರುತ್ತಿತ್ತು. ಹಲ್ಲಿನ ಡಾಕ್ಟರ್ ನೋಡಿ, ಇದು ಹಲ್ಲಿನ ತೊಂದರೆಯಂತೆ ಕಾಣುತ್ತಿಲ್ಲ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂದರು. ಹಿಮೋಗ್ಲೋಬಿನ್ 7.8, ಬಿಳಿ ರಕ್ತಕಣ 38,000, ಪ್ಲೇಟ್‌ಲೆಟ್ 41,000 ಬಂತು. ಅಲ್ಲಿಂದ ರಕ್ತರೋಗ ತಜ್ಞರ ಹತ್ತಿರ ಹೋದೆವು, ಅವರು ತಡ ಮಾಡದೆ ಬೋನ್ ಮ್ಯಾರೋ, ಅಂದರೆ ಮೂಳೆಯೊಳಗಿನ ಮಜ್ಜೆ ತೆಗೆದು ನೋಡುವ ಪರೀಕ್ಷೆ ಮಾಡಿದರು.

ಈಗ ಕೈಯಲ್ಲಿ ಎರಡು ರಿಪೋರ್ಟ್ ಇವೆ. ಮ್ಯಾರೋ ಸ್ಲೈಡ್ ರಿಪೋರ್ಟಿನಲ್ಲಿ ಬ್ಲಾಸ್ಟ್, ಅಂದರೆ ಬೆಳೆಯದ ಎಳೆಯ ರಕ್ತಕೋಶ, 43% ಅಂತ ಇದೆ, ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಅಂತ ಬರೆದಿದ್ದಾರೆ. ಫ್ಲೋ ಸೈಟೊಮೆಟ್ರಿ ರಿಪೋರ್ಟಿನಲ್ಲಿ ಬ್ಲಾಸ್ಟ್ 9% ಅಷ್ಟೇ. ಎರಡೂ ಒಂದೇ ದಿನ, ಒಂದೇ ಸೂಜಿಯಿಂದ ತೆಗೆದ ಸ್ಯಾಂಪಲ್. ಬಯಾಪ್ಸಿ ತುಂಡಿನ ರಿಪೋರ್ಟ್ ಇನ್ನೂ ಬಂದಿಲ್ಲ. ಡಾಕ್ಟ್ರು ಕೀಮೋಗೆ ಅಡ್ಮಿಟ್ ಮಾಡಿ ಅನ್ನುತ್ತಿದ್ದಾರೆ. ತಮ್ಮ ಮಾತ್ರ ಹಟ ಹಿಡಿದಿದ್ದಾನೆ. 43 ಎಲ್ಲಿ, 9 ಎಲ್ಲಿ, ಯಾರದ್ದೋ ಸ್ಯಾಂಪಲ್ ಅದಲುಬದಲಾಗಿರಬೇಕು, ಗೊತ್ತಾಗುವ ತನಕ ಕೀಮೋ ಬೇಡ ಅನ್ನುತ್ತಾನೆ. ಇಷ್ಟು ವ್ಯತ್ಯಾಸ ಹೇಗೆ ಬರುತ್ತದೆ ಅಂತ ಯಾರಾದರೂ ತಿಳಿದವರು ಹೇಳ್ತೀರಾ?

ನೀಲಿಬಾನು

ಅಕ್ಕಾ, ನನ್ನ ಚಿಕ್ಕಪ್ಪನ ಕಾಯಿಲೆ ಸಮಯದಲ್ಲಿ ಇದನ್ನೆಲ್ಲ ಬಹಳ ಓದಿದ್ದೇನೆ. ಸ್ಲೈಡನ್ನು ಮನುಷ್ಯ ಕಣ್ಣಿನಲ್ಲಿ ನೋಡಿ ಎಣಿಸುತ್ತಾನೆ, ಎಣಿಸುವುದು ಬರೀ 500 ಕೋಶ. ಫ್ಲೋ ಅಂದರೆ ಮಷಿನ್, ಲಕ್ಷಗಟ್ಟಲೆ ಕೋಶ ಎಣಿಸುತ್ತದೆ. ಹಾಗಾಗಿ ಫ್ಲೋ ಹೇಳಿದ್ದೇ ನಿಜವಾದ ಲೆಕ್ಕ. ಬ್ಲಾಸ್ಟ್ 20% ದಾಟಿದರೆ ಮಾತ್ರ ಅಕ್ಯೂಟ್ ಲ್ಯುಕೇಮಿಯಾ, 9% ಅಂದರೆ ಅದು ಎಂಡಿಎಸ್ ಥರದ್ದು, ಮ್ಯಾರೋ ಸರಿಯಾಗಿ ರಕ್ತಕಣ ಮಾಡದ ಕಾಯಿಲೆ. ಅದಕ್ಕೆ ಇಷ್ಟು ಜೋರು ಕೀಮೋ ಬೇಕಾಗಿಲ್ಲ. ನಿಮ್ಮ ತಮ್ಮ ಹೇಳುವುದರಲ್ಲಿ ಅರ್ಥ ಇದೆ. ಸೆಕೆಂಡ್ ಒಪೀನಿಯನ್ ತೆಗೆದುಕೊಳ್ಳಿ.

ಊರಾಚೆಯವ

ಬೆನ್ನುಹುರಿಗೆ ಸೂಜಿ ಹಾಕಿ ತೆಗೆಯುವ ಪರೀಕ್ಷೆ ಅಲ್ವಾ ಇದು? ನಮ್ಮ ಪರಿಚಯದವರೊಬ್ಬರಿಗೆ ಮಾಡಿದ ಮೇಲೆ ತಿಂಗಳುಗಟ್ಟಲೆ ತಲೆನೋವು ಬಂತು. ವಯಸ್ಸಾದವರಿಗೆ ಕಾಲು ಸೋಲುವ ಭಯವೂ ಇರುತ್ತದೆ ಅಂತಾರೆ. ಮತ್ತೆ ಮಾಡಿಸಬೇಕು ಅಂದರೆ ಯೋಚನೆ ಮಾಡಿ.

ಸ್ಲೈಡ್‌ನೋಡುವವಳು

ನಾನು ರಕ್ತರೋಗದ ಪೆಥಾಲಜಿಯಲ್ಲಿದ್ದೇನೆ. ದಿನಾ ಇವೇ ಎರಡು ರಿಪೋರ್ಟ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂರುವ ಕೆಲಸ. ಒಂದೊಂದಾಗಿ ಹೇಳುತ್ತೇನೆ.

ಮೊದಲು ಊರಾಚೆಯವರಿಗೆ. ನೀವು ಹೇಳುತ್ತಿರುವುದು ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ, ಅದು ಬೇರೆ. ಮ್ಯಾರೋ ತೆಗೆಯುವುದು ಸೊಂಟದ ಹಿಂಭಾಗದ ಮೂಳೆಯಿಂದ. ಪ್ಯಾಂಟಿನ ಬೆಲ್ಟ್ ಕೂರುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ಎಡಕ್ಕೋ ಬಲಕ್ಕೋ ಗಟ್ಟಿಯಾಗಿ ಕೈಗೆ ಸಿಗುತ್ತದಲ್ಲ, ಅದು. ಬೆನ್ನುಹುರಿ ಆ ಜಾಗದಲ್ಲಿ ಇಲ್ಲವೇ ಇಲ್ಲ. ಕಾಲು ಸೋಲುವ ಪ್ರಶ್ನೆ ಅಲ್ಲಿ ಬರುವುದಿಲ್ಲ. ಚರ್ಮ ಮತ್ತು ಮೂಳೆಯ ಮೇಲಿನ ಪೊರೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಮೂಳೆಯ ಒಳಗೆ ಅದು ತಲುಪುವುದಿಲ್ಲ. ಹಾಗಾಗಿ ಸಿರಿಂಜ್ ಎಳೆಯುವ ಕೆಲವೇ ಸೆಕೆಂಡ್ ಕಾಲಿನ ತನಕ ಜಗ್ಗಿದಂತೆ ಜೋರು ನೋವಾಗುತ್ತದೆ. ಇದನ್ನು ಮೊದಲೇ ಹೇಳಿದರೆ ರೋಗಿ ಹೆದರುವುದು ಕಡಿಮೆ. ಆಮೇಲೆ ಒಂದೆರಡು ದಿನ ಏಟು ಬಿದ್ದ ಹಾಗೆ ನೋವಿರುತ್ತದೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೂ ಮಾಡಬಹುದು, ತೂತಿನ ಮೇಲೆ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು ಅಷ್ಟೇ.

ಇನ್ನು ಸಂಜೆಮಲ್ಲಿಗೆಯವರ ಪ್ರಶ್ನೆ. ಎರಡು ಸಂಖ್ಯೆ ಹೊಂದದೆ ಇರುವುದು ಅಪರೂಪ ಅಲ್ಲ. ಆದರೆ ನೀವು ಕೊಟ್ಟ ಎರಡು ಸಂಖ್ಯೆಯಿಂದ ಮಾತ್ರ ನಾನು ಏನೂ ಹೇಳುವುದಿಲ್ಲ. ಸ್ಲೈಡ್ ರಿಪೋರ್ಟಿನಲ್ಲಿ 43% ಇರುವ ಸಾಲನ್ನು ಪೂರ್ತಿ ಹಾಕಿ. ಅಲ್ಲಿ "ಕಣಗಳು" ಅಥವಾ "ಪಾರ್ಟಿಕಲ್" ಅಂತ ಏನಾದರೂ ಇದೆಯಾ ನೋಡಿ, ಮ್ಯಾರೋದ ಸಣ್ಣ ಚೂರುಗಳಿಗೆ ಹಾಗನ್ನುತ್ತಾರೆ. ಫ್ಲೋ ರಿಪೋರ್ಟಿನಲ್ಲಿ ಬ್ಲಾಸ್ಟ್ ಸಾಲಿನ ಕೆಳಗೆ ಇನ್ನೊಂದು ಪ್ಯಾರಾ ಇರಬೇಕು, ಮೊನೊಸೈಟ್ ಬಗ್ಗೆ. ಅದನ್ನೂ ಪೂರ್ತಿ ಹಾಕಿ. ಹೆಸರು, ಆಸ್ಪತ್ರೆ, ನಂಬರ್ ಬೇಡ. ವಸಡು ಊದಿತ್ತು ಅಂದಿರಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಟ್ಯೂಬ್‌ಹಿಡಿದವನು

ನಾನು ಫ್ಲೋ ಲ್ಯಾಬಿನಲ್ಲಿ ಟೆಕ್ನಿಷಿಯನ್. ನೀಲಿಬಾನು ಅವರೇ, ಲಕ್ಷ ಕೋಶ ಎಣಿಸುತ್ತದೆ ಅನ್ನುವುದು ನಿಜ. ಆದರೆ ನಮ್ಮ ಟ್ಯೂಬಿನೊಳಗೆ ಏನು ಬಂದಿದೆಯೋ ಅದನ್ನೇ ಎಣಿಸುತ್ತೇವೆ. ಸಮಸ್ಯೆ ಅಲ್ಲೇ ಶುರು.

ಸೂಜಿ ಮೂಳೆಯೊಳಗೆ ಹೋದ ಮೇಲೆ ಮೊದಲ ಎಳೆತದಲ್ಲಿ ಬರುವ ಅರ್ಧ ಎಂಎಲ್‌ಗಿಂತ ಕಡಿಮೆ ದ್ರವ ಇದೆಯಲ್ಲ, ಅದು ಅಪ್ಪಟ ಮ್ಯಾರೋ. ಅದರಿಂದ ತಕ್ಷಣ ಸ್ಲೈಡ್ ಮಾಡುತ್ತಾರೆ. ಅದಾದ ಮೇಲೆ ಎಳೆದಷ್ಟೂ ಸುತ್ತಲಿನ ರಕ್ತನಾಳದ ರಕ್ತ ಒಳಗೆ ನುಗ್ಗುತ್ತದೆ. ನಮಗೆ ಫ್ಲೋಗೆ ಬರುವುದು ಎರಡನೆಯ, ಮೂರನೆಯ ಎಳೆತ. ರಕ್ತ ಬೆರೆತಿರುತ್ತದೆ. ರಕ್ತದಲ್ಲಿ ಬ್ಲಾಸ್ಟ್ ಕಡಿಮೆ ಇದ್ದರೆ ನಮ್ಮ ಶೇಕಡಾವಾರು ಇಳಿಯುತ್ತದೆ. ಕೆಲವು ಕಡೆ ಒಂದೇ ಸಿರಿಂಜಿನಲ್ಲಿ ಒಂದೇ ಸಲ ಐದು ಎಂಎಲ್ ಎಳೆದು ಎಲ್ಲಕ್ಕೂ ಹಂಚಿಬಿಡುತ್ತಾರೆ. ಆಗ ಸ್ಲೈಡೂ ಕೆಡುತ್ತದೆ. ನನ್ನ ಪ್ರಕಾರ ನಿಮ್ಮದೂ ಇದೇ ಕಥೆ, ರಕ್ತ ಬೆರೆತಿದೆ.

ಇನ್ನೊಂದು ವಿಷಯ, ಫ್ಲೋಗೆ ಕೋಶ ಜೀವಂತ ಇರಬೇಕು. ಟ್ಯೂಬ್ ಸಾಮಾನ್ಯವಾಗಿ 24ರಿಂದ 48 ಗಂಟೆಯೊಳಗೆ ಮಷಿನ್ ಹತ್ತಬೇಕು. ಫಾರ್ಮಲಿನ್‌ಗೆ ಹಾಕಿಬಿಟ್ಟರೆ ನಮ್ಮ ಮಟ್ಟಿಗೆ ಆ ಸ್ಯಾಂಪಲ್ ಮುಗಿಯಿತು. ಫಾರ್ಮಲಿನ್ ಬೇಕಾಗಿರುವುದು ಬಯಾಪ್ಸಿ ತುಂಡಿಗೆ.

ಸಂಜೆಮಲ್ಲಿಗೆ

ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ನೀವು ಕೇಳಿದ್ದನ್ನು ನೋಡಿಕೊಂಡು ಕನ್ನಡದಲ್ಲಿ ಹಾಕುತ್ತಿದ್ದೇನೆ, ತಪ್ಪಿದ್ದರೆ ಹೇಳಿ.

ಸ್ಲೈಡ್ ರಿಪೋರ್ಟ್: ಕಣಗಳು ಇವೆ, ಕೋಶಗಳು ತುಂಬಾ ಜಾಸ್ತಿ. 500 ಕೋಶ ಎಣಿಸಿದ್ದಾರೆ. ಬ್ಲಾಸ್ಟ್ 10%, ಪ್ರೊಮೊನೊಸೈಟ್ 33%, ಮೊನೊಸೈಟ್ 6%. ಕೆಳಗೆ "ಬ್ಲಾಸ್ಟ್ ಮತ್ತು ಅದಕ್ಕೆ ಸಮಾನವಾದ ಕೋಶಗಳು ಸೇರಿ 43%". ಎಸ್ಟರೇಸ್ ಸ್ಟೇನ್ ಪಾಸಿಟಿವ್ ಅಂತಲೂ ಇದೆ.

ಫ್ಲೋ ರಿಪೋರ್ಟ್: ಬ್ಲಾಸ್ಟ್ ಜಾಗದಲ್ಲಿ 9% ಕೋಶ. ಸಿಡಿ34, ಸಿಡಿ117, ಎಚ್‌ಎಲ್‌ಎ-ಡಿಆರ್, ಸಿಡಿ13, ಸಿಡಿ33 ಪಾಸಿಟಿವ್. ಮುಂದಿನ ಪ್ಯಾರಾ, ಮೊನೊಸೈಟ್ ಜಾಗದಲ್ಲಿ 36% ಕೋಶ. ಸಿಡಿ64 ಮತ್ತು ಸಿಡಿ33 ಬ್ರೈಟ್, ಎಚ್‌ಎಲ್‌ಎ-ಡಿಆರ್ ಪಾಸಿಟಿವ್, ಸಿಡಿ34 ನೆಗೆಟಿವ್, ಸಿಡಿ14 ಕೆಲವು ಕೋಶಗಳಲ್ಲಿ ಮಾತ್ರ, ಸಿಡಿ56 ಪಾಸಿಟಿವ್.

ಈ ಎರಡನೆಯ ಪ್ಯಾರಾವನ್ನು ನಾವು ಓದಿಯೇ ಇರಲಿಲ್ಲ. ಮೊನೊಸೈಟ್ ಅಂದರೆ ಎಲ್ಲರ ರಕ್ತದಲ್ಲೂ ಇರುವುದೇ ಅಲ್ವಾ ಅಂತ ಬಿಟ್ಟಿದ್ದೆವು.

ಸ್ಲೈಡ್‌ನೋಡುವವಳು

ನೀವು ಟೈಪ್ ಮಾಡಿ ಹಾಕಿದ್ದು ಬಹಳ ಒಳ್ಳೆಯದಾಯಿತು. ಸ್ಯಾಂಪಲ್ ಅದಲುಬದಲಾಗಿದೆ ಅನ್ನುವುದಕ್ಕೆ ಇದರಲ್ಲಿ ಏನೂ ಇಲ್ಲ. ಎರಡೂ ರಿಪೋರ್ಟ್ ಒಂದೇ ಕಾಯಿಲೆಯನ್ನು ನೋಡಿವೆ. ಎಣಿಸಿರುವ ರೀತಿ ಬೇರೆ.

ಫ್ಲೋದಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಕೋಶದ ಮೈಮೇಲೆ ಗುರುತುಗಳು ಇರುತ್ತವೆ, ಸಿಡಿ34, ಸಿಡಿ64 ಅನ್ನುವುದೆಲ್ಲ ಅವೇ. ಒಂದೊಂದು ಗುರುತಿಗೂ ಅಂಟಿಕೊಳ್ಳುವ ಬೇರೆ ಬೇರೆ ಬಣ್ಣದ ಹೊಳೆಯುವ ಪ್ರತಿಕಾಯ ಬೆರೆಸಿ, ಕೋಶಗಳನ್ನು ಒಂದರ ಹಿಂದೆ ಒಂದರಂತೆ ಲೇಸರ್ ಮುಂದೆ ಹಾಯಿಸುತ್ತಾರೆ. ಯಾವ ಕೋಶ ಎಷ್ಟು ಹೊಳೆಯಿತು, ಒಳಗೆ ಎಷ್ಟು ಒರಟಾಗಿದೆ ಅನ್ನುವುದು ಪರದೆಯ ಮೇಲೆ ಚುಕ್ಕೆಗಳಾಗಿ ಬೀಳುತ್ತದೆ. ಒಂದೇ ಜಾತಿಯ ಕೋಶಗಳು ಒಂದು ಕಡೆ ಗುಂಪು ಕಟ್ಟುತ್ತವೆ. ಸಾಮಾನ್ಯವಾಗಿ ಬ್ಲಾಸ್ಟ್‌ಗಳು ಸಿಡಿ45 ಮಂಕಾಗಿರುವ ಒಂದು ಮೂಲೆಯಲ್ಲಿ ಬೀಳುತ್ತವೆ. ಆ ಮೂಲೆಗೆ ಗೆರೆ ಹಾಕಿ, ಅದರೊಳಗೆ ಎಷ್ಟು ಚುಕ್ಕೆ ಅಂತ ಎಣಿಸಿ "ಬ್ಲಾಸ್ಟ್ ಇಷ್ಟು" ಅಂತ ಬರೆಯುತ್ತಾರೆ. ಗೆರೆ ಹಾಕುವುದು ಮಷಿನ್ ಅಲ್ಲ, ಮನುಷ್ಯರು.

ನಿಮ್ಮ ಅಪ್ಪನ ಕಾಯಿಲೆಯ ಬಹುಪಾಲು ಕೋಶಗಳು ಆ ಮೂಲೆಯಲ್ಲಿ ಬಿದ್ದೇ ಇಲ್ಲ. ಅವು ಮೊನೊಸೈಟ್ ಆಗುವ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿ ಅಲ್ಲೇ ನಿಂತ ಕೋಶಗಳು, ಪ್ರೊಮೊನೊಸೈಟ್. ಸಿಡಿ34 ಅನ್ನುವ ಎಳೆತನದ ಗುರುತನ್ನು ಆಗಲೇ ಕಳೆದುಕೊಂಡಿರುತ್ತವೆ. ಹಾಗಾಗಿ ಅವು ಹೋಗಿ ಕೂರುವುದು ಮೊನೊಸೈಟ್ ಗುಂಪಿನಲ್ಲಿ. ನೀಲಿ ಅಂಗಿ ಹಾಕಿದ ಮಕ್ಕಳನ್ನು ಮಾತ್ರ ಎಣಿಸಿ ಎಂದರೆ, ಅಂಗಿ ಬದಲಿಸಿದ ಅದೇ ತರಗತಿಯ ಮಕ್ಕಳು ಲೆಕ್ಕಕ್ಕೆ ಸಿಗುವುದಿಲ್ಲವಲ್ಲ, ಹಾಗೆ. ಆದರೆ ಅಕ್ಯೂಟ್ ಲ್ಯುಕೇಮಿಯಾ ಹೌದೋ ಅಲ್ಲವೋ ಎಂದು ನಿರ್ಧರಿಸುವಾಗ ಪ್ರೊಮೊನೊಸೈಟನ್ನು ಬ್ಲಾಸ್ಟ್ ಜೊತೆಗೇ ಸೇರಿಸಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲೇ ಇರುವ ನಿಯಮ. ಸ್ಲೈಡ್ ನೋಡಿದವರು ಅದನ್ನೇ ಮಾಡಿದ್ದಾರೆ. 10ಕ್ಕೆ 33 ಸೇರಿಸಿ 43.

ಟ್ಯೂಬ್‌ಹಿಡಿದವರು ಹೇಳಿದ ರಕ್ತ ಬೆರೆಯುವ ವಿಷಯ ಖಂಡಿತ ನಿಜ, ಎಷ್ಟೋ ಕೇಸಿನಲ್ಲಿ ಅದೇ ಕಾರಣ. ಆದರೆ ಇಲ್ಲಿ ಲೆಕ್ಕ ಹಾಕಿ ನೋಡಿ. ಸ್ಲೈಡಿನಲ್ಲಿ ಬ್ಲಾಸ್ಟ್, ಪ್ರೊಮೊನೊಸೈಟ್, ಮೊನೊಸೈಟ್ ಮೂರೂ ಸೇರಿ 49. ಫ್ಲೋದಲ್ಲಿ ಬ್ಲಾಸ್ಟ್ 9, ಮೊನೊಸೈಟ್ ಗುಂಪು 36, ಸೇರಿ 45. ಹೆಚ್ಚು ದೂರ ಇಲ್ಲ. ರಕ್ತ ಸ್ವಲ್ಪ ಬೆರೆತಿರಬಹುದು, ಆದರೆ 43 ಅನ್ನು 9ಕ್ಕೆ ಇಳಿಸುವಷ್ಟಲ್ಲ. ಸ್ಲೈಡಿನಲ್ಲಿ ಕಣಗಳೂ ಇವೆ, ಅಂದರೆ ಆ ಸ್ಲೈಡ್ ಒಳ್ಳೆಯ ಮ್ಯಾರೋದಿಂದಲೇ ಆಗಿದೆ. ಕಣಗಳೇ ಇಲ್ಲ ಎಂದು ಬರೆದಿದ್ದರೆ ನಾನು ಆ 43ನ್ನೂ ಅನುಮಾನದಿಂದಲೇ ನೋಡುತ್ತಿದ್ದೆ.

ನೀಲಿಬಾನು

ಮೇಡಂ, ಹಾಗಾದರೆ ಫ್ಲೋ ಯಾಕೆ ಮಾಡಬೇಕು? ಎಲ್ಲ ಸ್ಲೈಡಿನಲ್ಲೇ ಗೊತ್ತಾಗುತ್ತದೆ ಅಂದ ಹಾಗಾಯಿತಲ್ಲ. ಮತ್ತೆ 20% ಗಡಿ ಇರುವುದಂತೂ ನಿಜ ತಾನೇ?

ಸ್ಲೈಡ್‌ನೋಡುವವಳು

20% ಗಡಿ ಬಹುತೇಕ ಕೇಸುಗಳಿಗೆ ನಿಜ. ಕೆಲವು ಜೀನ್ ಬದಲಾವಣೆ ಇದ್ದರೆ 20 ಮುಟ್ಟದಿದ್ದರೂ ಅಕ್ಯೂಟ್ ಲ್ಯುಕೇಮಿಯಾ ಎಂದೇ ಕರೆಯುತ್ತಾರೆ. ಆದರೆ ಆ 20 ಎಂಬುದು ಸ್ಲೈಡ್ ಎಣಿಕೆಗೆ ಇಟ್ಟ ಗಡಿ. ಫ್ಲೋದ ಶೇಕಡಾವಾರನ್ನು ಅದರ ಪಕ್ಕ ಇಟ್ಟು ಅಳೆಯುವುದಿಲ್ಲ.

ಫ್ಲೋ ಯಾಕೆ ಬೇಕು ಅಂದರೆ, ಆ ಕೋಶ ಯಾವ ಮನೆತನದ್ದು ಅನ್ನುವುದನ್ನು ಕಣ್ಣು ಯಾವಾಗಲೂ ಹೇಳಲಾರದು. ಲಿಂಫ್ ಮೂಲದ ಬ್ಲಾಸ್ಟ್ ಮತ್ತು ಮೈಲಾಯ್ಡ್ ಬ್ಲಾಸ್ಟ್ ಎಷ್ಟೋ ಸಲ ಸ್ಲೈಡಿನಲ್ಲಿ ಒಂದೇ ಥರ ಕಾಣುತ್ತವೆ. ಔಷಧಿ ಮಾತ್ರ ಪೂರ್ತಿ ಬೇರೆ. ಅದನ್ನು ಫ್ಲೋ ಕೆಲವೇ ಗಂಟೆಗಳಲ್ಲಿ ಹೇಳುತ್ತದೆ.

ಈ ಕೇಸಿನಲ್ಲಿ ಇನ್ನೊಂದು ದೊಡ್ಡ ಪ್ರಶ್ನೆಯೂ ಇತ್ತು. ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಅಂತ ಒಂದಿದೆ. ಅದರ ಒಂದು ರೂಪದಲ್ಲಿ ಕೋಶದ ನಡುವಿನ ಕೇಂದ್ರ ಮಡಚಿಕೊಂಡು, ನೋಡಲು ಥೇಟ್ ಮೊನೊಸೈಟ್ ಥರವೇ ಇರುತ್ತದೆ. ಅದು ಇದ್ದರೆ ರಕ್ತಸ್ರಾವದಿಂದ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಅಪಾಯ. ಅನುಮಾನ ಬಂದ ಕೂಡಲೇ, ಜೀನ್ ರಿಪೋರ್ಟಿಗೂ ಕಾಯದೆ, ಅದಕ್ಕೇ ಇರುವ ಮಾತ್ರೆ ಶುರು ಮಾಡುತ್ತಾರೆ. ಆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಎಚ್‌ಎಲ್‌ಎ-ಡಿಆರ್ ನೆಗೆಟಿವ್ ಇರುತ್ತದೆ. ಇವರಲ್ಲಿ ಎರಡೂ ಗುಂಪಿನಲ್ಲಿ ಪಾಸಿಟಿವ್ ಇದೆ, ಸಿಡಿ64 ಜೊತೆಗೆ ಸ್ವಲ್ಪ ಸಿಡಿ14 ಕೂಡ ಇದೆ, ಮೊನೊಸೈಟ್ ಜಾತಿಯನ್ನು ತೋರಿಸುವ ಎಸ್ಟರೇಸ್ ಸ್ಟೇನ್ ಪಾಸಿಟಿವ್ ಇದೆ, ವಸಡು ಊದಿದೆ. ಮೊನೊಸೈಟ್ ಜಾತಿಯ ಲ್ಯುಕೇಮಿಯಾ ವಸಡಿನೊಳಗೆ ಸೇರಿಕೊಳ್ಳುವುದು ಗೊತ್ತಿರುವ ಲಕ್ಷಣ. ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಆದರೂ ಸಂಜೆಮಲ್ಲಿಗೆ, ಪ್ರೊಮೈಲೊಸೈಟಿಕ್ ಹೌದೋ ಅಲ್ಲವೋ ಅಂತ ಹೇಳುವ ಪಿಎಂಎಲ್-ರಾರಾ ಅನ್ನುವ ಜೀನ್ ಟೆಸ್ಟ್ ಕಳಿಸಿದ್ದಾರಾ ಅಂತ ಡಾಕ್ಟರನ್ನು ಒಂದು ಮಾತು ಕೇಳಿ.

ಮಗುವಿನಮ್ಮ

ನಮ್ಮ ಮಗಳಿಗೆ ಆದದ್ದು ಲಿಂಫೋಬ್ಲಾಸ್ಟಿಕ್, ಬಿ ಸೆಲ್ ಜಾತಿಯದು. ಅವಳ ಫ್ಲೋ ರಿಪೋರ್ಟಿನಲ್ಲಿ ಸಿಡಿ19, ಸಿಡಿ10 ಎಲ್ಲ ಪಾಸಿಟಿವ್ ಇತ್ತು. ಒಂದು ತಿಂಗಳ ಕೀಮೋ ಆದ ಮೇಲೆ ಮತ್ತೆ ಮ್ಯಾರೋ ತೆಗೆದು ಎಂಆರ್‌ಡಿ ಅಂತ ಉಳಿದ ಕಾಯಿಲೆ ಎಷ್ಟಿದೆ ನೋಡಿದರು, 0.01%ಗಿಂತ ಕಡಿಮೆ ಬಂತು. ನನ್ನ ಅನುಭವದಲ್ಲಿ ಫ್ಲೋ ತುಂಬಾ ಸರಿಯಾಗಿತ್ತು, ಎರಡೂ ರಿಪೋರ್ಟ್ ಹತ್ತಿರ ಹತ್ತಿರ ಇದ್ದವು. ಹಾಗಾಗಿ ನಿಮ್ಮಲ್ಲಿ ಇಷ್ಟು ವ್ಯತ್ಯಾಸ ನೋಡಿ ನನಗೂ ಗಾಬರಿ ಆಯಿತು. ಅಪ್ಪನಿಗೆ ಸಿಡಿ19 ನೋಡಿದ್ದಾರಾ ಅಂತ ಕೇಳಿ.

ಟ್ಯೂಬ್‌ಹಿಡಿದವನು

ಮಗುವಿನಮ್ಮ ಅವರೇ, ನಿಮ್ಮ ಮಗಳ ಕಾಯಿಲೆಯಲ್ಲಿ ಬ್ಲಾಸ್ಟ್‌ಗಳು ಒಂದೇ ಬಿಗಿಯಾದ ಗುಂಪಾಗಿ ಬೀಳುತ್ತವೆ, ಸುತ್ತ ಗೆರೆ ಹಾಕುವುದು ಸುಲಭ. ಮೊನೊಸೈಟ್ ಜಾತಿಯಲ್ಲಿ ಹಾಗಲ್ಲ. ಎಳೆಯ ಕೋಶದಿಂದ ಬೆಳೆದ ಕೋಶದ ತನಕ ಒಂದು ಉದ್ದ ಬಾಲದ ಹಾಗೆ ಹರಡಿಕೊಂಡಿರುತ್ತದೆ. ಎಲ್ಲಿ ಗೆರೆ ಎಳೆಯುವುದು ಅನ್ನುವುದೇ ಕಷ್ಟ. ನಮ್ಮ ಲ್ಯಾಬಿನಲ್ಲಿ ಇಂಥ ಕೇಸಿಗೆ ಒಂದು ಸಂಖ್ಯೆ ಕೊಡದೆ ಎರಡೂ ಗುಂಪನ್ನು ಬೇರೆ ಬೇರೆ ಬರೆದು, ಸ್ಲೈಡ್ ಜೊತೆ ಹೊಂದಿಸಿ ನೋಡಿ ಅಂತ ಕೆಳಗೆ ಹಾಕುತ್ತೇವೆ. ಇವರ ರಿಪೋರ್ಟಿನಲ್ಲಿ ಆ ಸಾಲು ಇದ್ದಿದ್ದರೆ ಇಷ್ಟು ಒದ್ದಾಟ ಇರುತ್ತಿರಲಿಲ್ಲ. ಸಿಡಿ19 ಮೊದಲ ಪ್ಯಾನೆಲ್‌ನಲ್ಲೇ ಇರುತ್ತದೆ, ನೋಡದೆ ಬಿಟ್ಟಿರುವುದಿಲ್ಲ.

ಇನ್ನೊಂದು ಮಾತು. ರಕ್ತ ಬೆರೆತಿರುವ ಸಾಧ್ಯತೆಯನ್ನು ನಾನು ಈಗಲೂ ಪೂರ್ತಿ ಬಿಡುವುದಿಲ್ಲ. ಇವರ ರಕ್ತದಲ್ಲೇ 38,000 ಬಿಳಿಕಣ ಇದೆ. ಅದರಲ್ಲೂ ಮೊನೊಸೈಟ್ ಜಾತಿ ತುಂಬಿದ್ದರೆ, ರಕ್ತ ಎಷ್ಟು ಬೆರೆತರೂ ಮೊನೊಸೈಟ್ ಗುಂಪು ಇಳಿಯುವುದಿಲ್ಲ. 45 ಮತ್ತು 49 ಹತ್ತಿರ ಬಂತು ಅನ್ನುವುದರಿಂದ ಮಾತ್ರ ಸ್ಯಾಂಪಲ್ ಚೆನ್ನಾಗಿತ್ತು ಎಂದು ಹೇಳಲಾಗದು.

ಸ್ಲೈಡ್‌ನೋಡುವವಳು

ಅದು ಸರಿಯಾದ ಮಾತು. ಫ್ಲೋ ಟ್ಯೂಬ್ ಎಷ್ಟು ಶುದ್ಧ ಇತ್ತು ಎನ್ನುವುದು ಈ ಸಂಖ್ಯೆಗಳಿಂದ ಗೊತ್ತಾಗುವುದಿಲ್ಲ.

ಸಂಜೆಮಲ್ಲಿಗೆ

ಪಿಎಂಎಲ್-ರಾರಾ ಕಳಿಸಿದ್ದಾರೆ, ನೆಗೆಟಿವ್ ಬಂದಿದೆ. ಮೊದಲ ದಿನವೇ ಕಳಿಸಿದ್ದರಂತೆ, ನಮಗೆ ಯಾರೂ ಹೇಳಿರಲಿಲ್ಲ.

ಆದರೆ ಈಗ ಬಯಾಪ್ಸಿ ತುಂಡಿನ ರಿಪೋರ್ಟ್ ಬಂತು. ಅದರಲ್ಲಿ "ಸಿಡಿ34 ಪಾಸಿಟಿವ್ ಕೋಶಗಳು ಸುಮಾರು 8ರಿಂದ 10%" ಅಂತ ಇದೆ. ತಮ್ಮ ಇದನ್ನು ನೋಡಿ, ನೋಡು, ಮೂರರಲ್ಲಿ ಎರಡು ರಿಪೋರ್ಟ್ 9% ಅನ್ನುತ್ತಿವೆ, ಸ್ಲೈಡ್ ನೋಡಿದವರದ್ದೇ ತಪ್ಪು ಅನ್ನುತ್ತಿದ್ದಾನೆ. ಅವನಿಗೆ ಏನು ಹೇಳಲಿ ಮೇಡಂ? ಅಪ್ಪನಿಗೆ ಸದ್ಯ ಬಿಳಿಕಣ ಇಳಿಸುವ ಮಾತ್ರೆ, ಡ್ರಿಪ್ ಕೊಡುತ್ತಿದ್ದಾರೆ. ನಿನ್ನೆಯಿಂದ ಜ್ವರ ಬೇರೆ.

ಸ್ಲೈಡ್‌ನೋಡುವವಳು

ಮೊದಲು ಜ್ವರ. ಇಂಥ ಕಾಯಿಲೆಯಲ್ಲಿ ಬಿಳಿಕಣ 38,000 ಇದ್ದರೂ ಸೋಂಕಿನ ಜೊತೆ ಹೋರಾಡುವ ಸರಿಯಾದ ಕಣಗಳು ಕಡಿಮೆ ಇರುತ್ತವೆ. ಜ್ವರವನ್ನು ತಕ್ಷಣ ವಾರ್ಡಿನವರಿಗೆ ಹೇಳಿ, ಬೆಳಗಿನ ರೌಂಡ್ಸ್‌ವರೆಗೆ ಕಾಯಬೇಡಿ.

ತಮ್ಮನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಯಾಪ್ಸಿ ರಿಪೋರ್ಟ್ ಏನು ಎಣಿಸಿದೆ ನೋಡಿ. ಸಿಡಿ34 ಇರುವ ಕೋಶಗಳನ್ನು. ಫ್ಲೋ ಬ್ಲಾಸ್ಟ್ ಜಾಗದಲ್ಲಿ ಎಣಿಸಿದ್ದೂ ಸಿಡಿ34 ಇರುವ ಕೋಶಗಳನ್ನೇ. ಎರಡು ಸಾಕ್ಷಿಗಳು ಸೇರಿ ಸ್ಲೈಡನ್ನು ಸೋಲಿಸಲಿಲ್ಲ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದಕ್ಕೆ ಒಂದೇ ಉತ್ತರ ಬಂದಿದೆ. ಸ್ಲೈಡಿನಲ್ಲೂ ಅಚ್ಚ ಬ್ಲಾಸ್ಟ್ 10% ಎಂದೇ ಇದೆಯಲ್ಲ! ಮೂರೂ ಕಡೆ ಅದು ಒಂದೇ. ಉಳಿದ 33% ಸಿಡಿ34 ಇಲ್ಲದವು, ಅವನ್ನು ಸಿಡಿ34 ಸ್ಟೇನ್ ತೋರಿಸುವುದು ಹೇಗೆ?

ಹಾಗಂತ ಬಯಾಪ್ಸಿ ತುಂಡು ವ್ಯರ್ಥ ಅಲ್ಲ. ದ್ರವ ಹೊರಗೆ ಬರದೆ ಸಿರಿಂಜ್ ಖಾಲಿ ಬಂದಾಗ, ಅಥವಾ ಒಳಗೆ ನಾರು ಕಟ್ಟಿಕೊಂಡಿದ್ದಾಗ, ಆ ತುಂಡೇ ಗತಿ. ಮ್ಯಾರೋ ಎಷ್ಟು ತುಂಬಿದೆ, ನಾರು ಇದೆಯಾ ಅನ್ನುವುದು ಅದರಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಮೂಳೆಯನ್ನು ಮೆತ್ತಗೆ ಮಾಡಿ ಕತ್ತರಿಸಬೇಕಾದ್ದರಿಂದ ಈ ಮೂರರಲ್ಲಿ ಅದರ ರಿಪೋರ್ಟ್ ಸಾಮಾನ್ಯವಾಗಿ ಕೊನೆಗೆ ಬರುತ್ತದೆ.

ಈಗ ನಿಜವಾಗಿ ಅನುಮಾನಕ್ಕೆ ಜಾಗ ಇರುವುದು ಎಲ್ಲಿ ಅಂತ ಹೇಳುತ್ತೇನೆ, ಅದನ್ನು ಮುಚ್ಚಿಡುವುದು ನನಗೆ ಇಷ್ಟ ಇಲ್ಲ. ಪ್ರೊಮೊನೊಸೈಟ್ ಮತ್ತು ವಿಕಾರವಾದ ಮೊನೊಸೈಟ್ ನಡುವಿನ ವ್ಯತ್ಯಾಸ ಬಹಳ ಸೂಕ್ಷ್ಮ. ಕೇಂದ್ರದ ಮಡಿಕೆ ಎಷ್ಟು ನಯ, ಒಳಗಿನ ಎಳೆಗಳು ಎಷ್ಟು ಸಣ್ಣ, ಅಷ್ಟರ ಮೇಲೆ ನಿರ್ಧಾರ. ಅನುಭವ ಇರುವ ಇಬ್ಬರು ಒಂದೇ ಸ್ಲೈಡ್ ನೋಡಿ ಬೇರೆ ಬೇರೆ ಎಣಿಕೆ ಕೊಡುವುದುಂಟು. ಆ 33% ಕೋಶಗಳನ್ನು ಯಾರಾದರೂ ಮೊನೊಸೈಟ್ ಎಂದು ಕರೆದರೆ ಬ್ಲಾಸ್ಟ್ 10%ಗೆ ಇಳಿಯುತ್ತದೆ, ಕಾಯಿಲೆಯ ಹೆಸರು ಸಿಎಂಎಂಎಲ್ ಎಂಬ ನಿಧಾನ ಕಾಯಿಲೆಯ ಕಡೆಗೆ ಹೋಗುತ್ತದೆ. ಚಿಕಿತ್ಸೆಯೂ ಬದಲಾಗಬಹುದು. ಹಾಗಾಗಿ ಸೆಕೆಂಡ್ ಒಪೀನಿಯನ್ ಬೇಕು ಅಂದರೆ ರಿಪೋರ್ಟ್ ಕಾಗದ ಹಿಡಿದುಕೊಂಡು ಇನ್ನೊಬ್ಬ ಡಾಕ್ಟರ ಹತ್ತಿರ ಓಡಬೇಡಿ. ಸ್ಲೈಡ್‌ಗಳನ್ನೇ ಕೇಳಿ ಪಡೆದು, ರಕ್ತರೋಗದ ಪೆಥಾಲಜಿ ಗೊತ್ತಿರುವ ಇನ್ನೊಬ್ಬರಿಗೆ ತೋರಿಸಿ. ಸ್ಟೇನ್ ಆದ ಸ್ಲೈಡ್ ಜೊತೆಗೆ ಆಗದ ಒಂದೆರಡು ಸ್ಲೈಡೂ ಇದ್ದರೆ ಕೇಳಿ. ಪ್ರಶ್ನೆ ಒಂದೇ ಇರಲಿ, ಇವು ಪ್ರೊಮೊನೊಸೈಟ್ ಹೌದೋ ಅಲ್ಲವೋ. ಒಂದು ದಿನದ ಕೆಲಸ ಅದು, ಅಪ್ಪ ವಾರ್ಡಿನಲ್ಲೇ ಇರಲಿ.

ನೀಲಿಬಾನು

ಇದು ನನಗೆ ಗೊತ್ತಿರಲಿಲ್ಲ. ಆದರೂ ಒಂದು ಕೇಳುತ್ತೇನೆ. ಇಷ್ಟು ಅನುಮಾನಕ್ಕೆ ಜಾಗ ಇರುವ ಕಡೆ, ಜೀನ್ ರಿಪೋರ್ಟ್ ಬರುವ ತನಕ ಕಾಯುವುದೇ ಸರಿ ಅಲ್ವಾ? ಚಿಕ್ಕಪ್ಪನಿಗೆ ಕಾಯ್ದರು.

ಸ್ಲೈಡ್‌ನೋಡುವವಳು

ಕಾಯಬಹುದಾದ ಕೇಸು ಇವೆ. ವಯಸ್ಸು, ಬಿಳಿಕಣದ ಸಂಖ್ಯೆ, ಅದು ಎಷ್ಟು ವೇಗದಲ್ಲಿ ಏರುತ್ತಿದೆ, ಸೋಂಕು ಇದೆಯಾ ಎಲ್ಲ ನೋಡಿ ರೋಗಿಯನ್ನು ಕಣ್ಣಾರೆ ಕಂಡ ಡಾಕ್ಟರೇ ಹೇಳಬೇಕು. ನಾನು ಇಲ್ಲಿಂದ ಹೇಳಲಾರೆ. ಕ್ರೋಮೊಸೋಮ್ ನೋಡುವುದಕ್ಕೆ ಕೋಶಗಳನ್ನು ಬೆಳೆಸಬೇಕು, ವಾರ ಮೇಲೆಯೇ ಆಗುತ್ತದೆ. ಎನ್‌ಪಿಎಂ1, ಎಫ್‌ಎಲ್‌ಟಿ3 ಎಂಬ ಎರಡು ಜೀನ್ ಟೆಸ್ಟ್ ಮಾತ್ರ ಬೇಗ ಬರುವಂತೆ ಬೇರೆಯಾಗಿ ಕಳಿಸಬಹುದು. ಅವೆರಡೂ ಈ ಕೇಸಿಗೆ ಬೇಕಾದವು. ಸಿಡಿ34 ಇಲ್ಲದ ಮೊನೊಸೈಟ್ ಜಾತಿಯಲ್ಲಿ ಎನ್‌ಪಿಎಂ1 ಬದಲಾವಣೆ ಜಾಸ್ತಿ ಸಿಗುತ್ತದೆ. ಎಫ್‌ಎಲ್‌ಟಿ3 ಇದ್ದರೆ ಕೀಮೋ ಜೊತೆಗೆ ಬೇರೆ ಮಾತ್ರೆಯನ್ನೂ ಸೇರಿಸುತ್ತಾರೆ.

ಊರಾಚೆಯವ

ಮೇಡಂ, ನಾನು ಬೇರೆ ಪರೀಕ್ಷೆ ಅಂದುಕೊಂಡು ಬರೆದಿದ್ದೆ, ವಿವರವಾಗಿ ಹೇಳಿದಿರಿ, ಒಳ್ಳೆಯದಾಯಿತು. ನಮ್ಮ ಅತ್ತೆಗೆ ಮುಂದಿನ ವಾರ ಮ್ಯಾರೋ ಇದೆ. ಸೂಜಿ ಹಾಕಿದರೆ ಕಾಯಿಲೆ ಮೈಯೆಲ್ಲ ಹರಡುತ್ತದೆ ಅಂತ ಮನೆಯಲ್ಲಿ ದೊಡ್ಡವರು ಹೇಳುತ್ತಿದ್ದಾರೆ. ನಿಜವೇ?

ಸ್ಲೈಡ್‌ನೋಡುವವಳು

ಇಲ್ಲ. ಲ್ಯುಕೇಮಿಯಾ ಇದ್ದರೆ ಅದು ಆಗಲೇ ದೇಹದ ಎಲ್ಲಾ ಮ್ಯಾರೋದಲ್ಲೂ ರಕ್ತದಲ್ಲೂ ಇರುತ್ತದೆ. ಒಂದು ಕಡೆ ಇದ್ದದ್ದು ಸೂಜಿಯಿಂದ ಇನ್ನೊಂದು ಕಡೆಗೆ ಹೋಗುವ ಪ್ರಶ್ನೆಯೇ ಇಲ್ಲ. ಅತ್ತೆಯವರು ರಕ್ತ ತೆಳುವಾಗುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮಾತ್ರ ಮೊದಲೇ ಡಾಕ್ಟರಿಗೆ ತಿಳಿಸಿ.

ಸಂಜೆಮಲ್ಲಿಗೆ

ಸ್ಲೈಡ್ ತೆಗೆದುಕೊಂಡು ಹೋಗಿ ತೋರಿಸಿದೆವು. ಎರಡನೆಯವರು ಬ್ಲಾಸ್ಟ್ 9%, ಪ್ರೊಮೊನೊಸೈಟ್ 25%, ಮೊನೊಸೈಟ್ 14% ಅಂತ ಬರೆದಿದ್ದಾರೆ. ಅಂದರೆ 34%. ತಮ್ಮ ಈಗಲೂ 43ಕ್ಕೂ 34ಕ್ಕೂ ವ್ಯತ್ಯಾಸ ಇದೆಯಲ್ಲ ಅನ್ನುತ್ತಾನೆ, ಆದರೆ ಎರಡೂ 20ರ ಮೇಲೆ ಇದೆ ಅನ್ನುವುದನ್ನು ಒಪ್ಪಿಕೊಂಡಿದ್ದಾನೆ. ಜ್ವರಕ್ಕೆ ಇಂಜೆಕ್ಷನ್ ಶುರುವಾಗಿದೆ. ಎನ್‌ಪಿಎಂ1, ಎಫ್‌ಎಲ್‌ಟಿ3 ಕಳಿಸಿದ್ದಾರೆ, ಇನ್ನೂ ಬಂದಿಲ್ಲ. ಜ್ವರ ಹತೋಟಿಗೆ ಬಂದ ಕೂಡಲೇ ಕೀಮೋ ಅಂದಿದ್ದಾರೆ.

ಸಿಡಿ56 ಪಾಸಿಟಿವ್ ಅಂತ ಇತ್ತಲ್ಲ, ಅದು ಕೆಟ್ಟದ್ದು ಅಂತ ಎಲ್ಲೋ ಓದಿದೆ. ಹೌದಾ ಮೇಡಂ?

ಸ್ಲೈಡ್‌ನೋಡುವವಳು

ಎರಡನೆಯವರ ಲೆಕ್ಕದಲ್ಲೂ ಮೂರೂ ಸೇರಿ 48, ಮೊದಲನೆಯವರಲ್ಲಿ 49. ಕೋಶ ಅವೇ, ಕೆಲವನ್ನು ಪ್ರೊಮೊನೊಸೈಟ್ ಪೆಟ್ಟಿಗೆಯಿಂದ ಮೊನೊಸೈಟ್ ಪೆಟ್ಟಿಗೆಗೆ ಹಾಕಿದ್ದಾರೆ. ಇಬ್ಬರಲ್ಲಿ ಯಾರದ್ದು ಸರಿ ಎಂದು ಸ್ಲೈಡ್ ನೋಡದೆ ನಾನು ಹೇಳಲಾರೆ, ನೋಡಿದ್ದರೂ ನಾನು ಮೂರನೆಯ ಸಂಖ್ಯೆಯನ್ನೇ ಕೊಡುತ್ತಿದ್ದೆನೇನೋ.

ಸಿಡಿ56 ಒಂದನ್ನೇ ಹಿಡಿದುಕೊಂಡು ಮುಂದೇನಾಗುತ್ತದೆ ಅಂತ ಹೇಳುವುದಿಲ್ಲ. ಅದನ್ನು ಜೀನ್ ರಿಪೋರ್ಟ್ ಹೇಳಬೇಕು. ಆದರೆ ಅದು ಇನ್ನೊಂದು ಕೆಲಸಕ್ಕೆ ಬರುತ್ತದೆ. ಆರೋಗ್ಯವಂತ ಮೊನೊಸೈಟ್‌ಗಳಲ್ಲಿ ಹೆಚ್ಚಿನವಕ್ಕೆ ಸಿಡಿ56 ಇರುವುದಿಲ್ಲ. ಇವರ ಕಾಯಿಲೆಯ ಕೋಶಗಳಿಗೆ ಅದೊಂದು ಮಚ್ಚೆ ಇದ್ದ ಹಾಗೆ. ಮೊದಲ ಸುತ್ತಿನ ಕೀಮೋ ಆದ ಮೇಲೆ ಮತ್ತೆ ಮ್ಯಾರೋ ತೆಗೆದಾಗ, ಉಳಿದ ಕಾಯಿಲೆ ಇದೆಯಾ ಅಂತ ಫ್ಲೋದಲ್ಲಿ ಹುಡುಕುವುದು ಇಂಥ ಗುರುತಿನಿಂದಲೇ. ಈ ಜಾತಿಯಲ್ಲಿ ಸಾಮಾನ್ಯವಾಗಿ 0.1% ಗಡಿ ನೋಡುತ್ತಾರೆ, ಮಗುವಿನಮ್ಮ ಹೇಳಿದ 0.01% ಲಿಂಫೋಬ್ಲಾಸ್ಟಿಕ್‌ಗೆ. ಕೀಮೋ ನಂತರ ಮ್ಯಾರೋ ಚೇತರಿಸಿಕೊಳ್ಳುವಾಗ ಒಳ್ಳೆಯ ಮೊನೊಸೈಟ್‌ಗಳಲ್ಲೂ ಸಿಡಿ56 ಸ್ವಲ್ಪ ಕಾಣಿಸಿಕೊಳ್ಳುವುದುಂಟು, ಹಾಗಾಗಿ ಮೊನೊಸೈಟ್ ಜಾತಿಯಲ್ಲಿ ಈ ಹುಡುಕಾಟ ಕಷ್ಟ. ಎನ್‌ಪಿಎಂ1 ಪಾಸಿಟಿವ್ ಬಂದರೆ ಅದನ್ನೇ ಪಿಸಿಆರ್‌ನಲ್ಲಿ ಹಿಂಬಾಲಿಸುವುದು ಹೆಚ್ಚು ನಂಬಿಕೆಯದು.

ಟ್ಯೂಬ್‌ಹಿಡಿದವನು

ಇದಕ್ಕೆ ಒಂದು ಸೇರಿಸುತ್ತೇನೆ. ಈ ಮೊದಲ ಫ್ಲೋ ರಿಪೋರ್ಟನ್ನು, ಚುಕ್ಕೆ ಚಿತ್ರಗಳಿರುವ ಪುಟಗಳ ಸಮೇತ, ಜೋಪಾನವಾಗಿ ಇಡಿ. ಮುಂದಿನ ಸಲ ಬೇರೆ ಲ್ಯಾಬಿಗೆ ಹೋದರೆ ಅವರು ಮೊದಲು ಕೇಳುವುದೇ ಅದನ್ನು. ಅದಿಲ್ಲದೆ 0.1% ಹುಡುಕುವುದು ನಮಗೆ ಬಹಳ ಕಷ್ಟ. ಮತ್ತೆ ಮುಂದಿನ ಮ್ಯಾರೋ ದಿನ ಡಾಕ್ಟರನ್ನು ಕೇಳಿ, ಸ್ಲೈಡಿಗೆ ಒಂದು ಹನಿ ತೆಗೆದುಕೊಂಡ ತಕ್ಷಣ ಎಂಆರ್‌ಡಿ ಟ್ಯೂಬಿಗೆ ಹಾಕಿ ಅಂತ. ಆ ಪರೀಕ್ಷೆಗೆ ಮೊದಲ ಎಳೆತವೇ ಬೇಕು. ಮೂರನೆಯ ಎಳೆತದ ಟ್ಯೂಬ್ ಕಳಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬಂದುಬಿಡಬಹುದು.

ಸಂಜೆಮಲ್ಲಿಗೆ

ಚಿತ್ರಗಳಿರುವ ಪುಟ ನಮಗೆ ಕೊಟ್ಟಿಲ್ಲ, ಬರೀ ಎರಡು ಪುಟದ ರಿಪೋರ್ಟ್ ಇದೆ. ನಾಳೆ ಲ್ಯಾಬಿಗೆ ಹೋಗಿ ಕೇಳುತ್ತೇನೆ. ಎನ್‌ಪಿಎಂ1 ಬಂದ ಮೇಲೆ ಇಲ್ಲೇ ಹಾಕುತ್ತೇನೆ.